ಪೂರ್ವಾಧ್ಯಯನಗಳ ಅಂಕಿಗಳನ್ನು ಮರುನಿರೂಪಿಸುವ ಬಗೆ: ಕಥಾವಾಚನದ ಪ್ರಯೋಗಗಳ ಒಂದು ನಿದರ್ಶನ

ಸಾಹಿತ್ಯದ ಓದು ಓದುಗನಲ್ಲಿ ಏನನ್ನು ಉಂಟುಮಾಡುತ್ತದೆ ಎಂಬ ಪ್ರಶ್ನೆಯನ್ನು ಕೈಗೆತ್ತಿಕೊಂಡ ಸಂಶೋಧನಾರ್ಥಿಯು ತನ್ನ ಪ್ರಬಂಧದ ಎರಡನೆಯ ಅಧ್ಯಾಯದಲ್ಲಿ ಪೂರ್ವಾಧ್ಯಯನಗಳ ಸಮೀಕ್ಷೆಯನ್ನು ಮಾಡಲೇಬೇಕಾಗುತ್ತದೆ. ಅಲ್ಲಿ ಆತನಿಗೆ ಎದುರಾಗುವುದು ಮನಶ್ಶಾಸ್ತ್ರಜ್ಞರ ಪ್ರಯೋಗಗಳು ಮತ್ತು ಅವುಗಳ ಅಂಕಿಗಳು. ಕಾವ್ಯಮೀಮಾಂಸೆಯಲ್ಲಿ ಪಳಗಿದವರು ಇಂತಹ ಕಡೆ ಅಂಕಿಗಳನ್ನು ಬಿಟ್ಟು ಕೇವಲ ತೀರ್ಮಾನವನ್ನು ಒಂದು ವಾಕ್ಯದಲ್ಲಿ ಹೇಳಿ ಮುಂದೆ ಸಾಗುವುದು ವಾಡಿಕೆ. ಆ ಒಂದು ವಾಕ್ಯದಲ್ಲಿಯೇ ಮೂಲದ ಪ್ರಮಾಣವೂ ಅದರ ನಿಶ್ಚಿತತೆಯ ಮಟ್ಟವೂ ಬದಲಾಗಿಬಿಡುತ್ತವೆ. ಇದು ಹೇಗೆ ನಡೆಯುತ್ತದೆಂಬುದನ್ನು ಒಂದೇ ಒಂದು ನಿದರ್ಶನದ ಮೂಲಕ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

2013ರಲ್ಲಿ ಡೇವಿಡ್ ಕಿಡ್ ಮತ್ತು ಎಮಾನುವೆಲೆ ಕಸ್ಟಾನೊ ಎಂಬ ವಿದ್ವಾಂಸರು ‘ಸೈನ್ಸ್’ ಪತ್ರಿಕೆಯಲ್ಲಿ ಐದು ಪ್ರಯೋಗಗಳ ವರದಿಯೊಂದನ್ನು ಪ್ರಕಟಿಸಿದರು. ಸಾಹಿತ್ಯಕ ಕಥೆಯ ಕಿರುಭಾಗವನ್ನು ಓದಿದವರು, ಬೇರೆ ಬಗೆಯ ಬರಹವನ್ನು ಓದಿದವರಿಗಿಂತ ಪರರ ಮನಸ್ಸನ್ನು ಗ್ರಹಿಸುವ ಪರೀಕ್ಷೆಗಳಲ್ಲಿ ಹೆಚ್ಚು ಅಂಕ ಪಡೆದರೆಂಬುದು ಅದರ ಸಾರ. ಮುಖ್ಯ ಪರೀಕ್ಷೆಯಲ್ಲಿ ಕಣ್ಣುಗಳ ಭಾಗವನ್ನು ಮಾತ್ರ ತೋರಿಸುವ 36 ಛಾಯಾಚಿತ್ರಗಳಿರುತ್ತವೆ. ಪ್ರತಿಯೊಂದಕ್ಕೂ ಕೊಟ್ಟಿರುವ ನಾಲ್ಕು ಪದಗಳಲ್ಲಿ ಆ ವ್ಯಕ್ತಿಯ ಭಾವವನ್ನು ಸರಿಯಾಗಿ ಹೇಳುವ ಪದವನ್ನು ಆರಿಸಬೇಕು. ಮೊದಲನೆಯ ಪ್ರಯೋಗದಲ್ಲಿ ಪಾಲ್ಗೊಂಡವರು 86 ಮಂದಿ.

ಈ ವರದಿ ಸಮೀಕ್ಷೆಗಳಲ್ಲಿ ಸಾಮಾನ್ಯವಾಗಿ ತಾಳುವ ರೂಪ ಇಂತಹದು: ‘ಉತ್ತಮ ಸಾಹಿತ್ಯದ ಓದು ಮಾನವರಲ್ಲಿ ಸಹಾನುಭೂತಿಯನ್ನು ಗಣನೀಯವಾಗಿ ಹೆಚ್ಚಿಸುತ್ತದೆಂದು ವಿಜ್ಞಾನಿಗಳು ಸಿದ್ಧಪಡಿಸಿದ್ದಾರೆ.’ ಕೇಳಲು ನಮಗೆ ಹಿತವಾದ ಮಾತು. ಬಹುಶಃ ಅದಕ್ಕಾಗಿಯೇ ಇದು ಪರಿಶೀಲನೆಯಿಲ್ಲದೆ ದಾಟಿಹೋಗುತ್ತದೆ. ಆದರೆ ಈ ವಾಕ್ಯದ ಪ್ರತಿಯೊಂದು ಪದವೂ ಮೂಲವನ್ನು ಮೀರಿದೆ. ಅಳೆದದ್ದು ಸಹಾನುಭೂತಿಯನ್ನಲ್ಲ, ಕಣ್ಣುಗಳಿಂದ ಭಾವವನ್ನು ಗುರುತಿಸುವ ಸಾಮರ್ಥ್ಯವನ್ನು. ಪರದುಃಖವನ್ನು ಗುರುತಿಸಬಲ್ಲವನು ಅದಕ್ಕೆ ಮರುಗಲೇಬೇಕೆಂಬ ನಿಯಮವಿಲ್ಲ. ಓದಿದ್ದು ಕೃತಿಗಳನ್ನಲ್ಲ, ಕೆಲವೇ ಪುಟಗಳನ್ನು. ಅಳತೆ ನಡೆದದ್ದು ಓದಿದ ಕೂಡಲೇ. ಪಾಲ್ಗೊಂಡವರು ಅಂತರಜಾಲದ ಮೂಲಕ ಕೂಡಿಸಿದ ಅಮೆರಿಕದ ಒಂದು ಗುಂಪೇ ಹೊರತು ‘ಮಾನವರು’ ಅಲ್ಲ.

ಇವೆಲ್ಲವುಗಳಿಗಿಂತ ಹೆಚ್ಚು ಅಪಾಯಕಾರಿಯಾದುದು ‘ಗಣನೀಯವಾಗಿ’ ಎಂಬ ಪದ. ಆಂಗ್ಲ ವರದಿಗಳಲ್ಲಿ ‘ಸಿಗ್ನಿಫಿಕೆಂಟ್’ ಎಂದು ಬರುವ ಪಾರಿಭಾಷಿಕ ಶಬ್ದಕ್ಕೆ ನಾವು ಗಣನೀಯ, ಮಹತ್ತರ, ಅರ್ಥಪೂರ್ಣ ಎಂದು ಮುಂತಾಗಿ ಬರೆಯುತ್ತೇವೆ. ಸಂಖ್ಯಾಶಾಸ್ತ್ರದಲ್ಲಿ ಆ ಶಬ್ದಕ್ಕೆ ಗಾತ್ರದ ಅರ್ಥವೇ ಇಲ್ಲ. ಎರಡು ಗುಂಪುಗಳ ನಡುವೆ ವಾಸ್ತವವಾಗಿ ಯಾವ ಭೇದವೂ ಇಲ್ಲವೆಂದು ಭಾವಿಸಿಕೊಂಡರೆ, ಕಂಡಷ್ಟು ಅಥವಾ ಅದಕ್ಕೂ ಮಿಗಿಲಾದ ವ್ಯತ್ಯಾಸವು ಕೇವಲ ಆಕಸ್ಮಿಕವಾಗಿ ನೂರರಲ್ಲಿ ಐದಕ್ಕಿಂತ ಕಡಿಮೆ ಬಾರಿ ಮಾತ್ರ ಕಾಣಿಸಿಕೊಳ್ಳುತ್ತಿತ್ತು ಎಂಬುದಷ್ಟೇ ಅದರ ತಾತ್ಪರ್ಯ. ತೀರ್ಮಾನವು ನೂರಕ್ಕೆ ತೊಂಬತ್ತೈದರಷ್ಟು ಸತ್ಯವೆಂದು ಇದರಿಂದ ಹೊರಡುವುದಿಲ್ಲ. ಸಾವಿರಾರು ಜನರನ್ನು ಪರೀಕ್ಷಿಸಿದರೆ ಅತ್ಯಲ್ಪ ವ್ಯತ್ಯಾಸವೂ ಈ ಮಟ್ಟವನ್ನು ಮುಟ್ಟಬಲ್ಲುದು. ಆದಕಾರಣ ಕನ್ನಡದಲ್ಲಿ ಬರೆಯುವಾಗ ಒಂಟಿ ವಿಶೇಷಣವನ್ನು ಬಿಟ್ಟು ‘ಸಂಖ್ಯಾಶಾಸ್ತ್ರೀಯ ಪರೀಕ್ಷೆಯಲ್ಲಿ ತೇರ್ಗಡೆಯಾದ ವ್ಯತ್ಯಾಸ’ ಎಂದೋ ‘ಆಕಸ್ಮಿಕವೆಂದು ತಳ್ಳಿಹಾಕಲು ಕಷ್ಟವಾದ ವ್ಯತ್ಯಾಸ’ ಎಂದೋ ಹೇಳಿ, ಅದರ ಗಾತ್ರವನ್ನು ಪ್ರತ್ಯೇಕವಾಗಿ ಕೊಡುವುದು ಲೇಸು.

ಗಾತ್ರವೆಷ್ಟು? 2018ರಲ್ಲಿ ಡೇವಿಡ್ ಡೊಡೆಲ್-ಫೆಡರ್ ಮತ್ತು ಡಯಾನಾ ತಮೀರ್ ಅವರು ಈ ಬಗೆಯ 14 ಪ್ರಾಯೋಗಿಕ ಅಧ್ಯಯನಗಳನ್ನು ಒಟ್ಟುಗೂಡಿಸಿ ವಿಶ್ಲೇಷಿಸಿದರು. ಕಥಾಸಾಹಿತ್ಯವನ್ನು ಓದಿದವರು, ಕಥೇತರ ಬರಹವನ್ನು ಓದಿದವರಿಗಿಂತ ಅಥವಾ ಏನನ್ನೂ ಓದದವರಿಗಿಂತ, ಸಾಮಾಜಿಕ ಗ್ರಹಿಕೆಯ ಪರೀಕ್ಷೆಗಳಲ್ಲಿ 0.15ರಿಂದ 0.16ರಷ್ಟು ಮುಂದಿದ್ದರೆಂದು ಅವರ ಎಣಿಕೆ. ಈ 0.15 ಶೇಕಡಾವಾರು ಅಲ್ಲ. ‘ಶೇ. 15ರಷ್ಟು ಸುಧಾರಣೆ’ ಎಂದು ಬರೆದರೆ ಅದು ಮೂಲದಲ್ಲಿ ಇಲ್ಲದ ಹೊಸ ಶೋಧವಾಗುತ್ತದೆ. ಗುಂಪಿನೊಳಗಿನ ವ್ಯಕ್ತಿಗಳ ಅಂಕಗಳು ಸರಾಸರಿಯಿಂದ ಎಷ್ಟು ಚದುರಿವೆಯೆಂಬುದನ್ನು ಹೇಳುವ ಮಾನಕ ವಿಚಲನೆಯನ್ನು ಒಂದು ಅಳತೆಗೋಲಾಗಿ ಇಟ್ಟುಕೊಂಡು, ಎರಡು ಸರಾಸರಿಗಳ ಅಂತರ ಆ ಗೋಲಿನ ಎಷ್ಟು ಪಾಲು ಎಂಬುದನ್ನು ಈ ಸಂಖ್ಯೆ ತಿಳಿಸುತ್ತದೆ.

ಇದನ್ನು ಓದುಗನಿಗೆ ಗ್ರಾಹ್ಯವಾಗುವಂತೆ ಎರಡು ರೀತಿಯಲ್ಲಿ ಬಿಡಿಸಬಹುದು. ಕಣ್ಣುಗಳ ಪರೀಕ್ಷೆಯಲ್ಲಿ ಮಾನಕ ವಿಚಲನೆ 4ರಿಂದ 5 ಅಂಕಗಳೆಂದು ಇಟ್ಟುಕೊಂಡರೆ 0.15 ಎಂದರೆ 36ರಲ್ಲಿ ಒಂದು ಅಂಕಕ್ಕಿಂತಲೂ ಕಡಿಮೆ. ಇನ್ನೊಂದು ರೀತಿ: ಕಥೆ ಓದಿದವರ ಗುಂಪಿನಿಂದ ಒಬ್ಬರನ್ನೂ ಓದದವರ ಗುಂಪಿನಿಂದ ಒಬ್ಬರನ್ನೂ ಕಣ್ಣುಮುಚ್ಚಿ ಆರಿಸಿದರೆ, ಮೊದಲನೆಯವರು ಹೆಚ್ಚು ಅಂಕ ಪಡೆದಿರುವ ಸಂದರ್ಭ ನೂರರಲ್ಲಿ ಸುಮಾರು 54. ಓದಿನಿಂದ ಏನೂ ಆಗದಿದ್ದರೆ ಅದು 50 ಆಗುತ್ತಿತ್ತು. ಇದನ್ನು ‘ಅಲ್ಪ’ ಎಂದೇ ಕರೆಯಬೇಕು. ಮೂಲ ಲೇಖಕರೂ ಹಾಗೆಯೇ ಕರೆದಿದ್ದಾರೆ. ಅಲ್ಪವೆಂದರೆ ಶೂನ್ಯವೂ ಅಲ್ಲ. ಪ್ರಕಟಣೆಯಲ್ಲಿ ಅನುಕೂಲಕರ ಫಲಿತಾಂಶಗಳನ್ನಷ್ಟೇ ಆರಿಸಿಕೊಂಡ ಪಕ್ಷಪಾತದಿಂದ ಈ ವ್ಯತ್ಯಾಸ ಹುಟ್ಟಿದಂತೆ ತೋರುವುದಿಲ್ಲವೆಂದೂ ಅವರು ಹೇಳಿದ್ದಾರೆ. ಗಾತ್ರವನ್ನು ಹಿಗ್ಗಿಸುವುದು ಎಷ್ಟು ತಪ್ಪೋ ಈ ಮಾತನ್ನು ಕೈಬಿಡುವುದೂ ಅಷ್ಟೇ ತಪ್ಪು.

ಇಲ್ಲಿ ಒಂದು ಲೆಕ್ಕವನ್ನು ಮಾಡಿ ನೋಡುವುದು ಉಪಯುಕ್ತ. 86 ಮಂದಿಯನ್ನು 43ರಂತೆ ಎರಡು ಸಮ ಗುಂಪುಗಳಾಗಿ ಮಾಡಿದೆವೆನ್ನೋಣ. 2ನ್ನು 43ರಿಂದ ಭಾಗಿಸಿ ವರ್ಗಮೂಲ ತೆಗೆದರೆ ಸುಮಾರು 0.22 ದೊರೆಯುತ್ತದೆ, ಇದು ಇಂತಹ ಅಳತೆಯಲ್ಲಿ ಸಹಜವಾಗಿರುವ ತೂಗಾಟ. ವಾಡಿಕೆಯ ಪರೀಕ್ಷೆಯಲ್ಲಿ ತೇರ್ಗಡೆಯಾಗಲು ವ್ಯತ್ಯಾಸವು ಈ ತೂಗಾಟದ ಹೆಚ್ಚುಕಡಿಮೆ ಇಮ್ಮಡಿ, ಅಂದರೆ 0.42ರಷ್ಟಾದರೂ ಇರಬೇಕು. ವಾಸ್ತವದ ವ್ಯತ್ಯಾಸ 0.15 ಮಾತ್ರವೇ ಆಗಿದ್ದರೆ ಇಷ್ಟು ಚಿಕ್ಕ ಅಧ್ಯಯನವು ಅದನ್ನು ಅದರ ನಿಜವಾದ ಗಾತ್ರದಲ್ಲಿ ಕಂಡು ‘ತೇರ್ಗಡೆ’ ಎಂದು ವರದಿ ಮಾಡಲು ಸಾಧ್ಯವೇ ಇಲ್ಲ. ತೇರ್ಗಡೆಯಾದುದೆಲ್ಲ ಸುಮಾರು ಮೂರು ಪಟ್ಟಾದರೂ ಉಬ್ಬಿರಬೇಕಾಗುತ್ತದೆ. ಇದರಲ್ಲಿ ಯಾರ ಅಪ್ರಾಮಾಣಿಕತೆಯೂ ಇಲ್ಲ. ಜರಡಿಯ ಕಣ್ಣು ದೊಡ್ಡದಾಗಿದ್ದರೆ ದೊಡ್ಡ ಕಾಳು ಮಾತ್ರ ಮೇಲೆ ಉಳಿಯುತ್ತದೆ. ಆದ್ದರಿಂದ ಒಂದು ಚಿಕ್ಕ ಅಧ್ಯಯನದ ಗಾತ್ರವನ್ನು ಉಲ್ಲೇಖಿಸುವಾಗ ಪಾಲ್ಗೊಂಡವರ ಸಂಖ್ಯೆಯನ್ನು ಅದೇ ವಾಕ್ಯದಲ್ಲಿ ಕೊಡಬೇಕು. ಅಡಿಟಿಪ್ಪಣಿಗೆ ತಳ್ಳಿದ ಸಂಖ್ಯೆಯನ್ನು ಮುಂದಿನ ಲೇಖಕ ನೋಡುವುದಿಲ್ಲ. ಹಸ್ತಪ್ರತಿಗಳ ಪರಿಚಯವುಳ್ಳವರಿಗೆ ಈ ವಿದ್ಯಮಾನ ಹೊಸದಲ್ಲ: ಅಂಚಿನ ಬರಹವನ್ನು ಮೊದಲ ಪ್ರತಿಕಾರ ಬಿಡುತ್ತಾನೆ, ಮೂರನೆಯವನ ವೇಳೆಗೆ ಅದು ಇತ್ತೆಂಬುದೇ ತಿಳಿಯುವುದಿಲ್ಲ.

ಇನ್ನು ವಿರುದ್ಧ ಫಲಿತಾಂಶಗಳ ಮಾತು. 2016ರಲ್ಲಿ ಮರಿಯಾ ಯೂಜೀನಿಯಾ ಪನೆರೊ ಮತ್ತು ಸಂಗಡಿಗರು ಮೂರು ಸಂಶೋಧನ ತಂಡಗಳ 792 ಜನರ ಮಾಹಿತಿಯನ್ನು ಸೇರಿಸಿ ನೋಡಿದಾಗ, ಕಿರುಭಾಗದ ಓದಿನಿಂದ ಮೇಲ್ಮೆ ಕಂಡುಬರಲಿಲ್ಲ. 2018ರಲ್ಲಿ ಕಾಲಿನ್ ಕ್ಯಾಮರರ್ ಮತ್ತಿತರರು ‘ನೇಚರ್’ ಮತ್ತು ‘ಸೈನ್ಸ್’ ಪತ್ರಿಕೆಗಳಲ್ಲಿ ಬಂದಿದ್ದ 21 ಸಮಾಜವಿಜ್ಞಾನ ಪ್ರಯೋಗಗಳನ್ನು ಮತ್ತೆ ನಡೆಸಿದರು. 13 ಮರಳಿ ಫಲಿಸಿದವು, ಫಲಿಸದವುಗಳಲ್ಲಿ ಕಿಡ್-ಕಸ್ಟಾನೊ ಅವರ ಪ್ರಯೋಗವೂ ಒಂದು. ಸಮೀಕ್ಷಕನು ಈಗ ಎದುರು ದಿಕ್ಕಿನಲ್ಲಿ ಜಾರಬಹುದು: ‘ಓದಿನಿಂದ ಯಾವ ಪರಿಣಾಮವೂ ಇಲ್ಲವೆಂದು ಪನೆರೊ ಸಾಧಿಸಿದ್ದಾರೆ’ ಎಂದು ಬರೆಯಬಹುದು. 792 ಜನರನ್ನು ಹಲವು ಗುಂಪುಗಳಿಗೆ ಹಂಚಲಾಗಿತ್ತು. ಗುಂಪಿಗೆ 200 ಮಂದಿಯೆಂದು ಭಾವಿಸಿದರೂ ಎರಡು ಗುಂಪುಗಳ ಹೋಲಿಕೆಯಲ್ಲಿ ತೂಗಾಟ 0.10 ಆಗುತ್ತದೆ; ಕಂಡ ಅಂತರ ಸೊನ್ನೆಯೇ ಆಗಿದ್ದರೂ ನಿಜವಾದ ಅಂತರವು ಎರಡೂ ಕಡೆ 0.20ರವರೆಗೆ ಇರಬಹುದೆಂದು ಒಪ್ಪಿಕೊಳ್ಳಬೇಕಾಗುತ್ತದೆ. 0.15 ಎಂಬುದು ಆ ವ್ಯಾಪ್ತಿಯ ಒಳಗೇ ಇದೆ. ಮೊದಲ ವರದಿಯಂತಹ ದೊಡ್ಡ ವ್ಯತ್ಯಾಸ ಸಂಶಯಾಸ್ಪದವಾಯಿತೆಂದು ಹೇಳಬಹುದು. ಅಲ್ಪ ವ್ಯತ್ಯಾಸವೂ ಇಲ್ಲವೆಂದು ಹೇಳಲಾಗದು. ‘ಕಂಡುಬರಲಿಲ್ಲ’ ಎಂಬುದಕ್ಕೂ ‘ಇಲ್ಲ’ ಎಂಬುದಕ್ಕೂ ಕನ್ನಡದಲ್ಲಿ ಇರುವ ಸ್ಪಷ್ಟ ಭೇದವನ್ನು ನಾವು ಬಳಸಿಕೊಳ್ಳದಿರುವುದು ಸೋಜಿಗ. ಪನೆರೊ ತಂಡದ ವಿಧಾನಗಳ ಬಗ್ಗೆ ಕಿಡ್ ಮತ್ತು ಕಸ್ಟಾನೊ 2017ರಲ್ಲಿ ಆಕ್ಷೇಪವೆತ್ತಿದರೆಂಬುದನ್ನೂ ಸಮೀಕ್ಷೆ ನಮೂದಿಸಬೇಕು.

ಅದೇ ಪನೆರೊ ವರದಿಯಲ್ಲಿ ಇನ್ನೊಂದು ಫಲಿತಾಂಶವಿದೆ. ಜೀವಮಾನದಲ್ಲಿ ಕಥಾಸಾಹಿತ್ಯದ ಪರಿಚಯ ಹೆಚ್ಚಾಗಿದ್ದವರು ಕಣ್ಣುಗಳ ಪರೀಕ್ಷೆಯಲ್ಲಿಯೂ ಹೆಚ್ಚು ಅಂಕ ಪಡೆದಿದ್ದರು. ಆ ಪರಿಚಯವನ್ನು ಅಳೆದದ್ದು, ನಿಜವಾದ ಲೇಖಕರ ಹೆಸರುಗಳೊಡನೆ ಕಲ್ಪಿತ ಹೆಸರುಗಳನ್ನು ಬೆರೆಸಿ ಗುರುತಿಸಲು ಹೇಳುವ ಪಟ್ಟಿಯಿಂದ. ಇದು ಸಹಸಂಬಂಧವೇ ಹೊರತು ಕಾರ್ಯಕಾರಣವಲ್ಲ: ಓದಿದ್ದರಿಂದ ಗ್ರಹಿಕೆ ಬೆಳೆದಿರಬಹುದು, ಗ್ರಹಿಕೆಯುಳ್ಳವರೇ ಕಥೆಗೆ ಒಲಿದಿರಬಹುದು, ಶಬ್ದಸಂಪತ್ತಿನಂತಹ ಮೂರನೆಯದೊಂದು ಎರಡಕ್ಕೂ ಹಿನ್ನೆಲೆಯಾಗಿರಬಹುದು. ಇಲ್ಲಿ ‘ಹೆಚ್ಚಿಸುತ್ತದೆ’, ‘ಬೆಳೆಸುತ್ತದೆ’ ಎಂಬ ಪ್ರೇರಣಾರ್ಥಕ ಕ್ರಿಯಾಪದಗಳು ಸಲ್ಲುವುದಿಲ್ಲ. ‘ಜೊತೆಯಾಗಿ ಕಂಡುಬಂದಿದೆ’ ಎಂಬುದೇ ಸರಿಯಾದ ನಿರೂಪಣೆ. ನಾವು ಬಳಸುವ ‘ಪರಿಣಾಮದ ಪ್ರಮಾಣ’ ಎಂಬ ಪರಿಭಾಷೆಯೇ ಕಾರಣವನ್ನು ಧ್ವನಿಸುವುದರಿಂದ, ಸಹಸಂಬಂಧದ ಅಧ್ಯಯನಗಳಲ್ಲಿ ‘ಸಂಬಂಧದ ಬಲ’ ಎನ್ನುವುದು ಉಚಿತವೆಂದು ನನ್ನ ಅಭಿಪ್ರಾಯ.

ಹೀಗೆ ನೋಡಿದಾಗ ಮೊದಲಿನ ಒಂದು ವಾಕ್ಯದ ಸ್ಥಾನದಲ್ಲಿ ಇಂತಹದೊಂದು ನಿರೂಪಣೆ ನಿಲ್ಲಬಹುದು: ‘ಸಾಹಿತ್ಯಕ ಕಥೆಯ ಕಿರುಭಾಗವನ್ನು ಓದಿದವರು, ಓದಿದ ಕೂಡಲೇ ನಡೆಸಿದ ಪರಚಿತ್ತಗ್ರಹಣದ ಪರೀಕ್ಷೆಗಳಲ್ಲಿ ಹೆಚ್ಚು ಅಂಕ ಪಡೆದರೆಂದು ಕಿಡ್ ಮತ್ತು ಕಸ್ಟಾನೊ (2013) ವರದಿ ಮಾಡಿದರು, ಇದರ ಮೊದಲ ಪ್ರಯೋಗದಲ್ಲಿ 86 ಮಂದಿ ಇದ್ದರು. ಪನೆರೊ ಮತ್ತಿತರರ (2016) ಹಾಗೂ ಕ್ಯಾಮರರ್ ಮತ್ತಿತರರ (2018) ಮರುಪ್ರಯೋಗಗಳಲ್ಲಿ ಈ ವ್ಯತ್ಯಾಸ ಕಂಡುಬರಲಿಲ್ಲ. ಮೊದಲನೆಯದರ ವಿಧಾನ ವಿವಾದಾಸ್ಪದವಾಗಿದೆ. 14 ಅಧ್ಯಯನಗಳನ್ನು ಕೂಡಿಸಿದ ವಿಶ್ಲೇಷಣೆಯೊಂದು (ಡೊಡೆಲ್-ಫೆಡರ್ ಮತ್ತು ತಮೀರ್, 2018) ಕಥಾವಾಚನದ ಪರವಾಗಿ ಮಾನಕ ವಿಚಲನೆಯ 0.15ರಿಂದ 0.16ರಷ್ಟು ಅಲ್ಪ ವ್ಯತ್ಯಾಸವನ್ನು ತೋರಿಸಿದೆ.’ ವಾಕ್ಯಗಳು ಉದ್ದವಾದವು, ಬಿಗಿಯೂ ಕಡಿಮೆಯಾಯಿತು. ಆದರೂ ಮೂಲಗಳನ್ನು ಪಕ್ಕದಲ್ಲಿಟ್ಟುಕೊಂಡು ಪದಪದವಾಗಿ ತಾಳೆ ನೋಡಬಹುದು.

ಮೂಲ ವರದಿ ಕೈಗೆ ಸಿಗದೆ ಇನ್ನೊಬ್ಬರ ಸಮೀಕ್ಷೆಯ ಮೂಲಕವೇ ಅದನ್ನು ತಿಳಿದಿದ್ದರೆ, ಆ ಸಮೀಕ್ಷಕನ ಹೆಸರಿನಲ್ಲಿಯೇ ಮಾತನ್ನು ಹೇಳಬೇಕು. ಗಾತ್ರವನ್ನು ಅಲ್ಲಿ ಕೊಟ್ಟಿಲ್ಲವಾದರೆ ‘ಗಾತ್ರ ಉಲ್ಲೇಖವಾಗಿಲ್ಲ’ ಎಂದು ಬರೆದು, ವಿಶೇಷಣದಿಂದ ಆ ತೆರಪನ್ನು ತುಂಬದೆ ಬಿಡಬೇಕು.