ಕ್ಲಿನಿಕ್ಕಿಗೆ ಮೊದಲು ಬೇಕಾದ ಟ್ರೇ

ತಾಲ್ಲೂಕು ಊರಿನಲ್ಲಿ ಲಕ್ಷ ರೂಪಾಯಿ ಹಿಡಿದುಕೊಂಡು ಕ್ಲಿನಿಕ್ ತೆರೆಯುವವರ ದುಡ್ಡು ಎಷ್ಟೋ ಸಲ ಮೇಜು, ಕುರ್ಚಿ, ಬೋರ್ಡಿಗೇ ಹೋಗಿಬಿಡುತ್ತದೆ. ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ: ಇಂಜೆಕ್ಷನ್ ಕೊಟ್ಟ ಐದು ನಿಮಿಷಕ್ಕೆ ರೋಗಿಗೆ ಉಸಿರು ಕಟ್ಟಿದರೆ ಕೈಗೆ ಏನು ಸಿಗಬೇಕು?

ಅಡ್ರಿನಲಿನ್. ಬೆಲೆ ಅಲ್ಪ. ದೊಡ್ಡವರಿಗೆ 1 ಮಿಲಿಗ್ರಾಂ ಆಂಪೂಲಿನ ಅರ್ಧವನ್ನು ತೊಡೆಯ ಸ್ನಾಯುವಿಗೆ ಕೊಡುತ್ತಾರೆ. ಕೆಲವು ಆಂಪೂಲು, ಸಿರಿಂಜು, ಸಲೈನ್, ಡ್ರಿಪ್ ಸೆಟ್, ಅಂಬು ಬ್ಯಾಗ್ ಒಂದೇ ಟ್ರೇಯಲ್ಲಿರಲಿ, ಬೀಗ ಬೇಡ. ಪಕ್ಕದಲ್ಲೇ ಆಕ್ಸಿಜನ್ ಸಿಲಿಂಡರ್, ಅದರ ಕೀಲಿಯನ್ನು ಅದಕ್ಕೇ ಕಟ್ಟಿಡಿ. ಪ್ರತಿ ತಿಂಗಳು ಎಕ್ಸ್‌ಪೈರಿ ದಿನಾಂಕ ನೋಡಬೇಕು. ಬಳಸದ ಔಷಧಿಯೇ ಗೊತ್ತಾಗದಂತೆ ಅವಧಿ ಮೀರುವುದು.

ಎರಡನೆಯದು ಬಿಪಿ ಯಂತ್ರ, ಜೊತೆಗೆ ಬೇರೆ ಬೇರೆ ಅಳತೆಯ ಕಫ್. ದಪ್ಪ ತೋಳಿಗೆ ಚಿಕ್ಕ ಕಫ್ ಸುತ್ತಿದರೆ ಬಿಪಿ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ, ಬೇಡದ ಮಾತ್ರೆ ಶುರುವಾಗುತ್ತದೆ. ಥರ್ಮಾಮೀಟರ್, ಪಲ್ಸ್ ಆಕ್ಸಿಮೀಟರ್, ತೂಕದ ಯಂತ್ರ ಇದರ ಹಿಂದೆಯೇ ಬರಲಿ. ಗ್ಲುಕೋಮೀಟರ್ ಅಗ್ಗ, ಖರ್ಚೆಲ್ಲ ಸ್ಟ್ರಿಪ್ಪಿನದು. ಚಿಕ್ಕ ಡಬ್ಬಿಯನ್ನೇ ಕೊಳ್ಳಿ.

ಹೊಲಿಗೆ ಹಾಕುವ ಕೆಲಸ ಅಪರೂಪವಾದರೆ ಆಟೋಕ್ಲೇವ್ ಕಾಯಬಹುದು, ಸ್ಟೆರೈಲ್ ಪ್ಯಾಕ್ ಸಾಕು. ಇಸಿಜಿಯೂ ಆಮೇಲೆ. ಆದರೆ ಸೂಜಿ ಕತ್ತರಿಸುವ ಸಾಧನ, ಹಳದಿ, ಕೆಂಪು ಚೀಲ, ತ್ಯಾಜ್ಯ ಒಯ್ಯುವವರ ತಿಂಗಳ ಶುಲ್ಕ ಮೊದಲ ದಿನದ ಲೆಕ್ಕದಲ್ಲೇ ಸೇರಿರಬೇಕು.