ಸೋತ ದಾವೆಗೆ ಅಪೀಲೇ, ರಿವ್ಯೂವೇ, ರಿವಿಷನ್ನೇ?

ಅಣ್ಣ-ತಂಗಿಯ ನಡುವಿನ ಒಂದು ಪಾಲುವಿಭಾಗದ ದಾವೆ. ಮೂರು ಜಮೀನುಗಳಲ್ಲಿ ತನಗೆ ಅರ್ಧ ಪಾಲು ಬರಬೇಕೆಂದು ತಂಗಿ ಕೇಳಿದ್ದಳು. ಎರಡು ಜಮೀನು ಪಿತ್ರಾರ್ಜಿತ ಎಂಬುದನ್ನು ಅಣ್ಣನೂ ಒಪ್ಪಿದ. ಮೂರನೆಯದು, 2 ಎಕರೆ 10 ಗುಂಟೆ ಖುಷ್ಕಿ, ತಾನು ಸ್ವಂತ ದುಡಿಮೆಯಿಂದ ಕೊಂಡದ್ದು ಎಂದು ವಾದಿಸಿ ಕ್ರಯಪತ್ರವನ್ನು ಹಾಜರುಪಡಿಸಿದ. ನ್ಯಾಯಾಲಯ ಅದನ್ನು ನಂಬಲಿಲ್ಲ. ಕುಟುಂಬದ ಹಣದಿಂದಲೇ ಜಮೀನು ಕೊಂಡದ್ದು ಎಂದು ತೀರ್ಮಾನಿಸಿ, ಜೂನ್ 3ರಂದು ಮೂರರಲ್ಲೂ ತಂಗಿಗೆ ಅರ್ಧ ಪಾಲು ಕೊಟ್ಟು ಪ್ರಾಥಮಿಕ ಡಿಕ್ರಿ ಮಾಡಿತು. ಈ ಪ್ರಕರಣ ನಾನು ವಿವರಣೆಗಾಗಿ ಕಟ್ಟಿಕೊಂಡದ್ದು. ಆದರೆ ಇಂಥ ದಾವೆಗಳಿಲ್ಲದ ತಾಲೂಕು ನ್ಯಾಯಾಲಯ ಇರಲಾರದು.

ಅಣ್ಣನಿಗೆ ಈಗ ಮೂರು ಕೊರಗು. ಒಂದು, ಕ್ರಯಪತ್ರ ತನ್ನ ಹೆಸರಿನಲ್ಲಿದ್ದರೂ, ಸಾಕ್ಷಿಗಳು ಹೇಳಿದ್ದರೂ ನ್ಯಾಯಾಧೀಶರು ತಪ್ಪಾಗಿ ತೀರ್ಮಾನಿಸಿದರು ಎಂಬುದು. ಎರಡು, ತೀರ್ಪು ಬಂದ ಮೇಲೆ ಹಳೆಯ ಟ್ರಂಕಿನಲ್ಲಿ ಬ್ಯಾಂಕ್ ಸಾಲದ ಕಾಗದಗಳು ಸಿಕ್ಕಿವೆ. ಜಮೀನಿಗೆ ಕೊಟ್ಟ ಹಣ ತನ್ನ ಸಾಲದ್ದೇ ಎಂದು ಅವು ತೋರಿಸುತ್ತವೆ. ಮೂರು, ಡಿಕ್ರಿಯ ಷೆಡ್ಯೂಲಿನಲ್ಲಿ 2 ಎಕರೆ 10 ಗುಂಟೆಯ ಬದಲು 1 ಎಕರೆ 20 ಗುಂಟೆ ಎಂದು ಅಚ್ಚಾಗಿದೆ. ಕೊರಗು ಮೂರಾದರೂ ಅವುಗಳ ಜಾತಿ ಬೇರೆ ಬೇರೆ. ಆದ್ದರಿಂದ ಪರಿಹಾರವೂ ಬೇರೆ.

ಕೊನೆಯದು ಎಲ್ಲಕ್ಕಿಂತ ಸುಲಭ. ದಾವೆಪತ್ರದಲ್ಲೂ ಪಹಣಿಯಲ್ಲೂ ವಿಸ್ತೀರ್ಣ ಸರಿಯಾಗಿದ್ದು, ಡಿಕ್ರಿ ಬರೆಯುವಾಗ ಮಾತ್ರ ಕೈತಪ್ಪು ಆಗಿದ್ದರೆ ಅದಕ್ಕೆ ಅಪೀಲೂ ಬೇಡ, ರಿವ್ಯೂವೂ ಬೇಡ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 152ನೇ ಕಲಂ ಪ್ರಕಾರ ಅದೇ ನ್ಯಾಯಾಲಯಕ್ಕೆ ಅರ್ಜಿ ಕೊಟ್ಟರೆ ತಿದ್ದಿಕೊಡುತ್ತಾರೆ. ಬರವಣಿಗೆಯ, ಲೆಕ್ಕದ ತಪ್ಪುಗಳನ್ನು ಯಾವಾಗ ಬೇಕಾದರೂ ತಿದ್ದಬಹುದು ಎಂದೇ ಆ ಕಲಂ ಹೇಳುತ್ತದೆ. ಆದರೆ ಯಾರಿಗೆ ಎಷ್ಟು ಪಾಲು ಎಂಬ ತೀರ್ಮಾನವನ್ನು ಈ ದಾರಿಯಲ್ಲಿ ಮುಟ್ಟಲಾಗದು.

ಮೊದಲ ಕೊರಗಿಗೆ ಉತ್ತರ ಅಪೀಲು, ಅಂದರೆ 96ನೇ ಕಲಂ ಅಡಿಯ ಮೇಲ್ಮನವಿ. ಸಾಕ್ಷ್ಯವನ್ನು ತೂಗಿದ್ದು ತಪ್ಪು, ಕಾನೂನನ್ನು ಅನ್ವಯಿಸಿದ್ದು ತಪ್ಪು ಎನ್ನುವ ದೂರುಗಳೆಲ್ಲ ಇಲ್ಲಿಗೇ ಬರಬೇಕು. ಮೊದಲ ಮೇಲ್ಮನವಿಯಲ್ಲಿ ಮೇಲಿನ ನ್ಯಾಯಾಲಯ ಸಾಕ್ಷಿಗಳ ಹೇಳಿಕೆ, ದಾಖಲೆ ಎಲ್ಲವನ್ನೂ ಹೊಸದಾಗಿ ಓದಿ ತನ್ನದೇ ತೀರ್ಮಾನಕ್ಕೆ ಬರಬಹುದು. ಇಷ್ಟು ವಿಶಾಲವಾದ ಅವಕಾಶ ಕಕ್ಷಿದಾರನಿಗೆ ಮತ್ತೆ ಸಿಗುವುದಿಲ್ಲ. ಅಲ್ಲಿಯೂ ಸೋತರೆ ಹೈಕೋರ್ಟಿಗೆ 100ನೇ ಕಲಂ ಅಡಿ ಎರಡನೇ ಮೇಲ್ಮನವಿ ಹಾಕಬಹುದು. ಆದರೆ ಅಲ್ಲಿ ಕಾನೂನಿನ ಗಣನೀಯ ಪ್ರಶ್ನೆಯೊಂದು ಇದ್ದರೆ ಮಾತ್ರ ವಿಚಾರಣೆ. ಸಾಕ್ಷಿಯನ್ನು ನಂಬಬೇಕಿತ್ತು, ನಂಬಬಾರದಿತ್ತು ಎಂಬ ಮಾತಿಗೆ ಅಲ್ಲಿ ಸಾಮಾನ್ಯವಾಗಿ ಜಾಗವಿಲ್ಲ. ಮೊದಲ ಅಪೀಲನ್ನು ಕೈಬಿಟ್ಟವರು ಕೈಬಿಟ್ಟದ್ದು ಎಷ್ಟು ದೊಡ್ಡದು ಎಂದು ನನಗೆ ಪ್ರತಿ ಸಲವೂ ಸಂಕಟವಾಗುತ್ತದೆ.

ಪಾಲುವಿಭಾಗದಲ್ಲಿ ಇನ್ನೊಂದು ಅಪಾಯವಿದೆ. ಪ್ರಾಥಮಿಕ ಡಿಕ್ರಿ ಯಾರಿಗೆ ಎಷ್ಟು ಪಾಲು ಎಂದು ತೀರ್ಮಾನಿಸುತ್ತದೆ. ಅದರ ಪ್ರಕಾರ ಅಳತೆ ಮಾಡಿ ಹಂಚುವುದು ಆಮೇಲಿನ ಅಂತಿಮ ಡಿಕ್ರಿ. ‘ಅಂತಿಮ ಆಗಲಿ, ಆಮೇಲೆ ಎಲ್ಲವನ್ನೂ ಒಟ್ಟಿಗೆ ನೋಡಿಕೊಳ್ಳೋಣ’ ಎಂದು ಅಣ್ಣ ಸುಮ್ಮನಿದ್ದರೆ 97ನೇ ಕಲಂ ಅಡ್ಡ ಬರುತ್ತದೆ. ಪ್ರಾಥಮಿಕ ಡಿಕ್ರಿಯ ಮೇಲೆ ಅಪೀಲು ಹೋಗದವನು ಅಂತಿಮ ಡಿಕ್ರಿಯ ಅಪೀಲಿನಲ್ಲಿ ಅದರ ಸರಿ-ತಪ್ಪನ್ನು ಪ್ರಶ್ನಿಸುವಂತಿಲ್ಲ. ಮೂರನೇ ಜಮೀನು ಸ್ವಯಾರ್ಜಿತವೋ ಅಲ್ಲವೋ ಎಂಬ ಜಗಳವನ್ನು ಈಗಲೇ ಎತ್ತಬೇಕು.

ಇನ್ನು ಟ್ರಂಕಿನಲ್ಲಿ ಸಿಕ್ಕ ಕಾಗದ. ಇಲ್ಲಿ ಮನಸ್ಸು ಸಹಜವಾಗಿ ರಿವ್ಯೂ ಕಡೆಗೆ, ಅಂದರೆ ಪುನರ್ವಿಲೋಕನದ ಅರ್ಜಿಯ ಕಡೆಗೆ ಹೋಗುತ್ತದೆ. ತೀರ್ಪು ಕೊಟ್ಟ ನ್ಯಾಯಾಲಯದ ಮುಂದೆಯೇ ಇಡುವ ಅರ್ಜಿ, ಊರು ಬಿಟ್ಟು ಹೋಗಬೇಕಿಲ್ಲ. 114ನೇ ಕಲಂ ಮತ್ತು 47ನೇ ಆದೇಶ ಇದಕ್ಕೆ ಅವಕಾಶ ಕೊಡುತ್ತವೆ. ಆದರೆ ಅದಕ್ಕೆ ಕಾರಣಗಳು ಮೂರೇ: ಎಷ್ಟು ಶ್ರದ್ಧೆಯಿಂದ ಹುಡುಕಿದರೂ ಆಗ ಗೊತ್ತಾಗದಿದ್ದ ಅಥವಾ ಒದಗಿಸಲಾಗದಿದ್ದ ಮಹತ್ವದ ಹೊಸ ಸಾಕ್ಷ್ಯ, ದಾಖಲೆಯ ಮೇಲೆ ಎದ್ದು ಕಾಣುವ ತಪ್ಪು, ಮತ್ತು ಇಂಥದ್ದೇ ಇತರ ಸಾಕಷ್ಟು ಕಾರಣ.

ಅಣ್ಣನ ಕಾಗದವನ್ನು ಮೊದಲ ಕಾರಣಕ್ಕೆ ಹಿಡಿದು ನೋಡೋಣ. ಸಾಲ ತೆಗೆದವನು ಅವನೇ. ಬ್ಯಾಂಕಿನ ಶಾಖೆ ಯಾವುದೆಂದು ಅವನಿಗೆ ಗೊತ್ತಿತ್ತು. ವಿಚಾರಣೆಯ ಕಾಲದಲ್ಲಿ ಬ್ಯಾಂಕಿನಿಂದ ಲೆಕ್ಕದ ಪ್ರತಿ ಕೇಳಬಹುದಿತ್ತು, ಇಲ್ಲವೆ ನ್ಯಾಯಾಲಯದ ಮೂಲಕ ದಾಖಲೆ ತರಿಸಬಹುದಿತ್ತು. ಎದುರಾಳಿಯ ವಕೀಲರು ಇದನ್ನೇ ಕೇಳುತ್ತಾರೆ: ಆಗ ಯಾಕೆ ತರಲಿಲ್ಲ? ‘ಟ್ರಂಕು ತೆರೆದಿರಲಿಲ್ಲ’ ಎಂಬುದು ಶ್ರದ್ಧೆಗೆ ಪುರಾವೆ ಆಗುವುದಿಲ್ಲ. ಅರ್ಜಿ ವಜಾ ಆಗುವ ಸಾಧ್ಯತೆಯೇ ಹೆಚ್ಚು.

ಎದ್ದು ಕಾಣುವ ತಪ್ಪು ಎಂಬುದನ್ನೂ ಜನ ಸಡಿಲವಾಗಿ ಅರ್ಥ ಮಾಡಿಕೊಳ್ಳುತ್ತಾರೆ. ಜಾರಿಯಲ್ಲಿಲ್ಲದ ಕಲಂ ಒಂದನ್ನು ಅನ್ವಯಿಸಿದ್ದರೆ ಅಂಥದ್ದು ಕಡತ ತೆರೆದೊಡನೆ ಕಣ್ಣಿಗೆ ಬೀಳುತ್ತದೆ. ತಪ್ಪನ್ನು ತೋರಿಸಲು ಹತ್ತು ಪುಟ ವಾದಿಸಬೇಕಾಗಿ ಬಂದರೆ ಅದು ಎದ್ದು ಕಾಣುವ ತಪ್ಪಲ್ಲ, ಅಪೀಲಿನ ವಿಷಯ. ತರ್ಕ ಹೂಡಿ ಪತ್ತೆ ಹಚ್ಚಬೇಕಾದ ತಪ್ಪಿಗೆ ರಿವ್ಯೂ ಸಲ್ಲದು, ಅಪೀಲಿಗೆ ರಿವ್ಯೂವಿನ ವೇಷ ಹಾಕುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1997ರಲ್ಲೇ ಹೇಳಿದೆ. ತೀರ್ಪು ಬಂದ ಮೇಲೆ ಬೇರೆ ಪ್ರಕರಣದಲ್ಲಿ ಮೇಲಿನ ನ್ಯಾಯಾಲಯ ಅದೇ ಕಾನೂನಿಗೆ ಬೇರೆ ಅರ್ಥ ಕೊಟ್ಟಿತು ಎಂಬುದೂ ರಿವ್ಯೂಗೆ ಕಾರಣವಲ್ಲ. 47ನೇ ಆದೇಶದ ವಿವರಣೆಯೇ ಅದನ್ನು ಹೊರಗಿಟ್ಟಿದೆ.

ಹಾಗಾದರೆ ಆ ಸಾಲದ ಕಾಗದ ವ್ಯರ್ಥವೇ? ಅಷ್ಟು ಬೇಗ ಕೈಚೆಲ್ಲಬೇಕಿಲ್ಲ. ಅಪೀಲಿನಲ್ಲಿ 41ನೇ ಆದೇಶದ 27ನೇ ನಿಯಮದಡಿ ಹೆಚ್ಚುವರಿ ಸಾಕ್ಷ್ಯಕ್ಕೆ ಅರ್ಜಿ ಹಾಕಬಹುದು. ಅಲ್ಲಿಯೂ ಶ್ರದ್ಧೆಯ ಪ್ರಶ್ನೆ ಏಳುತ್ತದೆ, ನಿಜ. ಆದರೆ ಆ ನಿಯಮದಲ್ಲಿ ಇನ್ನೊಂದು ಮಾರ್ಗವಿದೆ: ತೀರ್ಪು ಕೊಡಲು ಈ ದಾಖಲೆ ತನಗೇ ಬೇಕು ಎಂದು ಮೇಲ್ಮನವಿ ನ್ಯಾಯಾಲಯಕ್ಕೆ ಅನಿಸಿದರೆ ಅದನ್ನು ಪಡೆಯಬಹುದು. ಅಂದರೆ ಅಣ್ಣನ ಮೊದಲ ಎರಡೂ ಕೊರಗುಗಳು ಒಂದೇ ಅಪೀಲಿನಲ್ಲಿ ಸೇರುತ್ತವೆ.

ಈಗ ಕಾಲದ ಲೆಕ್ಕ. ತಾಲೂಕಿನ ಸಿವಿಲ್ ನ್ಯಾಯಾಲಯದ ಡಿಕ್ರಿಯ ಮೇಲೆ ಹೈಕೋರ್ಟ್ ಅಲ್ಲದ ನ್ಯಾಯಾಲಯಕ್ಕೆ ಅಪೀಲು ಹೋಗಲು 30 ದಿನ. ಅಪೀಲು ನೇರ ಹೈಕೋರ್ಟಿಗೆ ಹೋಗುವಂಥದ್ದಾದರೆ 90 ದಿನ. ರಿವ್ಯೂಗೆ 30 ದಿನ. ತೀರ್ಪಿನ ದಿನವನ್ನು ಬಿಟ್ಟು ಎಣಿಸಬೇಕು. ನಕಲು ಪಡೆಯಲು ಹಿಡಿದ ದಿನಗಳನ್ನೂ ಕಳೆಯಬಹುದು. ಅಣ್ಣ ಜೂನ್ 5ರಂದು ನಕಲಿಗೆ ಅರ್ಜಿ ಕೊಟ್ಟ, 12ರಂದು ನಕಲು ಸಿದ್ಧವಾಯಿತು ಎನ್ನಿ. ಎಂಟು ದಿನ ಸಿಕ್ಕಿತು. ಜುಲೈ 3ಕ್ಕೆ ಮುಗಿಯಬೇಕಿದ್ದ ಗಡುವು 11ಕ್ಕೆ ಹೋಯಿತು. ನಕಲಿಗೆ ಅರ್ಜಿ ಕೊಡುವುದಕ್ಕೆ ಮುಂಚೆ ಕಳೆದ ದಿನಗಳು ಮಾತ್ರ ಅವನ ಲೆಕ್ಕಕ್ಕೇ.

ಅವನು ಜೂನ್ 25ರಂದು ರಿವ್ಯೂ ಹಾಕಿ, ಅಪೀಲು ಹಾಕದೆ ಕಾಯುತ್ತಾ ಕುಳಿತ ಎಂದುಕೊಳ್ಳಿ. ನೋಟಿಸು, ಆಕ್ಷೇಪಣೆ, ವಾಯಿದೆ ಎಂದು ಎಳೆದು ಫೆಬ್ರವರಿ 10ಕ್ಕೆ ಅರ್ಜಿ ವಜಾ ಆಗುತ್ತದೆ. ವಜಾ ಮಾಡಿದ ಆ ಆದೇಶದ ಮೇಲೆ ಅಪೀಲು ಇಲ್ಲ. ರಿವ್ಯೂ ವಜಾ ಆದಾಗ ಮೂಲ ಡಿಕ್ರಿ ಅದರಲ್ಲಿ ಲೀನವಾಗುವುದಿಲ್ಲ, ಪ್ರಶ್ನಿಸಬೇಕಾದ್ದು ಮೂಲ ಡಿಕ್ರಿಯನ್ನೇ ಎಂದು ಸುಪ್ರೀಂ ಕೋರ್ಟ್ 2012ರಲ್ಲಿ ಬಿಡಿಸಿ ಹೇಳಿದೆ. ಅಂದರೆ ಜೂನ್ 3ರಿಂದ ಓಡುತ್ತಿದ್ದ ಗಡುವು ನಡುವೆ ಎಲ್ಲೂ ನಿಂತಿರಲಿಲ್ಲ. ಫೆಬ್ರವರಿ 25ರಂದು ಅವನು ಅಪೀಲು ಹಾಕಿದರೆ 229 ದಿನ ತಡ. ವಿಳಂಬ ಮನ್ನಾ ಮಾಡಿ ಎಂದು ಪರಿಮಿತಿ ಕಾಯ್ದೆಯ 5ನೇ ಕಲಂ ಅಡಿ ಅರ್ಜಿ ಹಾಕಿ, ರಿವ್ಯೂವಿನಲ್ಲಿ ಪ್ರಾಮಾಣಿಕವಾಗಿ ತೊಡಗಿದ್ದೆ ಎಂದು ಕೇಳಿಕೊಳ್ಳಬೇಕು. ನ್ಯಾಯಾಲಯ ಮನ್ನಿಸಬಹುದು. ಮನ್ನಿಸಲೇಬೇಕೆಂದೇನೂ ಇಲ್ಲ.

ಎರಡನ್ನೂ ಹಾಕಬಹುದೇ? ಕ್ರಮ ಸರಿಯಾಗಿದ್ದರೆ ಹಾಕಬಹುದು. ಅಪೀಲು ಹಾಕಿದ ಮೇಲೆ ರಿವ್ಯೂ ಹಾಕಲು ಬಾರದು. ಮೊದಲು ರಿವ್ಯೂ ಹಾಕಿ, ಗಡುವಿನೊಳಗೆ ಅಪೀಲನ್ನೂ ಹಾಕಿದರೆ ರಿವ್ಯೂ ಉಳಿಯುತ್ತದೆ. ಆದರೆ ಅಪೀಲು ಮೊದಲು ಇತ್ಯರ್ಥವಾದರೆ ರಿವ್ಯೂವಿಗೆ ಅರ್ಥ ಉಳಿಯುವುದಿಲ್ಲ. ರಿವ್ಯೂ ಗೆದ್ದು ಹೊಸ ಡಿಕ್ರಿ ಬಂದರೆ ಹಳೆಯ ಡಿಕ್ರಿಯ ಮೇಲಿನ ಅಪೀಲು ಬಿದ್ದುಹೋಗುತ್ತದೆ. ಅಪೀಲು ಹಾಕಿದ ಮಾತ್ರಕ್ಕೆ ಡಿಕ್ರಿಗೆ ತಡೆ ಸಿಕ್ಕಂತೆಯೂ ಅಲ್ಲ. ತಂಗಿ ಅಂತಿಮ ಡಿಕ್ರಿಗೆ ಹೊರಟರೆ ಅಣ್ಣ ಬೇರೆಯಾಗಿ ತಡೆಯಾಜ್ಞೆ ಕೇಳಬೇಕು.

ರಿವಿಷನ್, ಅಂದರೆ ಪುನರೀಕ್ಷಣೆ, ಅಣ್ಣನಿಗೆ ದಕ್ಕುವುದೇ ಇಲ್ಲ. 115ನೇ ಕಲಂ ಹೈಕೋರ್ಟಿಗೆ ಕೊಟ್ಟಿರುವ ಈ ಅಧಿಕಾರ ಕೆಳ ನ್ಯಾಯಾಲಯ ತನಗಿಲ್ಲದ ವ್ಯಾಪ್ತಿಯನ್ನು ಚಲಾಯಿಸಿತೇ, ಇದ್ದುದನ್ನು ಚಲಾಯಿಸಲಿಲ್ಲವೇ, ಚಲಾಯಿಸುವಾಗ ಕಾನೂನು ಮೀರಿತೇ ಎಂದು ನೋಡಲು. ಹೈಕೋರ್ಟಿಗಾಗಲಿ ಅದರ ಕೆಳಗಿನ ಯಾವುದೇ ನ್ಯಾಯಾಲಯಕ್ಕಾಗಲಿ ಅಪೀಲು ಇರುವ ಡಿಕ್ರಿಯನ್ನು ರಿವಿಷನ್‌ನಲ್ಲಿ ಬದಲಿಸುವಂತಿಲ್ಲ. 2002ರ ಜುಲೈ 1ರಿಂದ ಜಾರಿಗೆ ಬಂದ ತಿದ್ದುಪಡಿ ಇದನ್ನು ಮತ್ತಷ್ಟು ಕಿರಿದಾಗಿಸಿತು: ಅರ್ಜಿದಾರನ ಪರವಾಗಿ ಆದೇಶ ಬಂದಿದ್ದರೆ ದಾವೆಯೇ ಮುಗಿದುಹೋಗುತ್ತಿತ್ತು ಎಂಬಂಥ ಆದೇಶಗಳಿಗೆ ಮಾತ್ರ ರಿವಿಷನ್.

ಇದೇ ದಾವೆಯ ಆರಂಭಕ್ಕೆ ಹೋದರೆ ಆ ಮಾತು ತಿಳಿಯಾಗುತ್ತದೆ. ದಾವೆ ಕಾನೂನಿನಂತೆ ನಿಲ್ಲುವುದೇ ಇಲ್ಲ, ವಾದಪತ್ರವನ್ನು ತಿರಸ್ಕರಿಸಿ ಎಂದು ಅಣ್ಣ 7ನೇ ಆದೇಶದ 11ನೇ ನಿಯಮದಡಿ ಅರ್ಜಿ ಹಾಕಿದ್ದ ಎನ್ನಿ. ಅದು ವಜಾ ಆಗಿದ್ದರೆ ಆಗ ಅವನು ರಿವಿಷನ್ ಹೋಗಬಹುದಿತ್ತು. ಅರ್ಜಿ ಪುರಸ್ಕೃತವಾಗಿದ್ದರೆ ದಾವೆ ಅಲ್ಲಿಗೇ ಮುಗಿಯುತ್ತಿತ್ತಲ್ಲ. ಅದೇ ಅರ್ಜಿ ಪುರಸ್ಕೃತವಾಗಿದ್ದರೆ ತಂಗಿಗೆ ಇರುತ್ತಿದ್ದುದು ಅಪೀಲು. ಏಕೆಂದರೆ ವಾದಪತ್ರದ ತಿರಸ್ಕಾರವನ್ನು ಸಂಹಿತೆ ಡಿಕ್ರಿ ಎಂದೇ ಪರಿಗಣಿಸುತ್ತದೆ. ಅರ್ಜಿ ಒಂದೇ, ಸೋತವರು ಯಾರು ಎಂಬುದರ ಮೇಲೆ ದಾರಿ ಬದಲಾಗುತ್ತದೆ.

ಡಿಕ್ರಿಗೆ ರಿವಿಷನ್ನೇ ಸರಿಯಾದ ದಾರಿಯಾಗುವ ಸಂದರ್ಭವೂ ಇದೆ. ಬೆಂಗಳೂರಿನ ಲಘು ವ್ಯಾಜ್ಯಗಳ ನ್ಯಾಯಾಲಯದಲ್ಲಿ ಮನೆ, ಅಂಗಡಿ ತೆರವಿನ ದಾವೆಗಳು ನಡೆಯುತ್ತವೆ. ಅಲ್ಲಿ ಸೋತ ಬಾಡಿಗೆದಾರ ಸಾಮಾನ್ಯ ದಾವೆಯಂತೆ ಅಪೀಲು ತಯಾರಿಸಿದರೆ ಕಚೇರಿ ಆಕ್ಷೇಪಣೆ ಎತ್ತುತ್ತದೆ. 1964ರ ಕರ್ನಾಟಕ ಲಘು ವ್ಯಾಜ್ಯಗಳ ನ್ಯಾಯಾಲಯಗಳ ಕಾಯ್ದೆಯ 18ನೇ ಕಲಂ ಅಡಿ ಹೈಕೋರ್ಟಿಗೆ ರಿವಿಷನ್ ಹೋಗಬೇಕು. ಆದ್ದರಿಂದ ಅವನು ನಕಲು ಕೈಗೆ ಬಂದಾಗ ಫಲಿತಾಂಶದ ಪುಟಕ್ಕಿಂತ ಮೊದಲು ಮೇಲಿನ ಸಾಲು ನೋಡಬೇಕು: ಯಾವ ನ್ಯಾಯಾಲಯ, ದಾವೆಯ ಸಂಖ್ಯೆಯ ಹಿಂದೆ ಇರುವುದು ‘ಒ.ಎಸ್.’ ಎಂದೋ ‘ಎಸ್.ಸಿ.’ ಎಂದೋ.