64 ಪ್ರೊಸೆಸರ್‌ಗಳನ್ನು ಜೋಡಿಸುವ 3 ಬಗೆ

ಹಲವು ಪ್ರೊಸೆಸರ್‌ಗಳು ಸೇರಿ ಕೆಲಸ ಮಾಡುವ ಕಂಪ್ಯೂಟರಿನಲ್ಲಿ ಅವುಗಳ ನಡುವಿನ ಜೋಡಣೆಯನ್ನು 3 ಅಳತೆಗಳಿಂದ ತೂಗುತ್ತಾರೆ. ಅತಿ ದೂರದ 2 ನೋಡ್‌ಗಳ ನಡುವೆ ಸಂದೇಶ ದಾಟಬೇಕಾದ ಕನಿಷ್ಠ ಕೊಂಡಿಗಳ ಸಂಖ್ಯೆಯೇ ವ್ಯಾಸ. ಜಾಲವನ್ನು ಎರಡು ಸಮಭಾಗ ಮಾಡಲು ಕತ್ತರಿಸಬೇಕಾದ ಕನಿಷ್ಠ ಕೊಂಡಿಗಳ ಸಂಖ್ಯೆ ದ್ವಿಭಾಜನ ಅಗಲ. ಮೂರನೆಯದು ಒಟ್ಟು ಕೊಂಡಿಗಳು, ಅಂದರೆ ಖರ್ಚು.

64 ನೋಡ್‌ಗಳನ್ನು ಉಂಗುರವಾಗಿ ಜೋಡಿಸಿದರೆ 64 ಕೊಂಡಿಗಳು ಸಾಕು. ಆದರೆ ವ್ಯಾಸ 32. ದ್ವಿಭಾಜನ ಅಗಲ ಬರೀ 2. ಒಂದರ್ಧದ 32 ನೋಡ್‌ಗಳೂ ಒಮ್ಮೆಲೇ ಇನ್ನೊಂದರ್ಧಕ್ಕೆ ಸಂದೇಶ ಕಳಿಸಿದರೆ ಪ್ರತಿ ಕೊಂಡಿಯ ಮೇಲೆ 16 ಸಂದೇಶಗಳು ಸಾಲುಗಟ್ಟುತ್ತವೆ.

8 ಸಾಲು, 8 ಕಂಬಸಾಲುಗಳ ಜಾಲರಿಗೆ 112 ಕೊಂಡಿಗಳು ಬೇಕು. ಮೂಲೆಯಿಂದ ಎದುರು ಮೂಲೆಗೆ 7+7, ಅಂದರೆ ವ್ಯಾಸ 14. ದ್ವಿಭಾಜನ ಅಗಲ 8.

ಹೈಪರ್‌ಕ್ಯೂಬ್‌ನಲ್ಲಿ ಪ್ರತಿ ನೋಡ್‌ಗೂ 6 ಬಿಟ್‌ಗಳ ವಿಳಾಸವಿರುತ್ತದೆ. ಒಂದೇ ಬಿಟ್ ವ್ಯತ್ಯಾಸವಿರುವ ನೋಡ್‌ಗಳ ನಡುವೆ ಕೊಂಡಿ ಇರುತ್ತದೆ. 000000ದಿಂದ 111111ಕ್ಕೆ ಹೋಗಲು ಬಿಟ್‌ಗಳನ್ನು ಒಂದೊಂದಾಗಿ ಬದಲಿಸಬೇಕು, ಆದ್ದರಿಂದ ವ್ಯಾಸ 6. ದ್ವಿಭಾಜನ ಅಗಲ 32, ಕೊಂಡಿಗಳು 192. 1980ರ ದಶಕದಲ್ಲಿ ಕ್ಯಾಲ್ಟೆಕ್‌ನಲ್ಲಿ ಕಟ್ಟಿದ ಕಾಸ್ಮಿಕ್ ಕ್ಯೂಬ್ ಇದೇ 64 ನೋಡ್‌ಗಳ ವಿನ್ಯಾಸ.

n ನೋಡ್‌ಗಳಿಗೆ ಸಾಮಾನ್ಯ ಸೂತ್ರಗಳು ಹೀಗಿವೆ (n ಸಮಸಂಖ್ಯೆ, ಜಾಲರಿ ಚೌಕ, ಹೈಪರ್‌ಕ್ಯೂಬ್‌ಗೆ n ಎರಡರ ಘಾತ):

| ಜೋಡಣೆ | ವ್ಯಾಸ | ದ್ವಿಭಾಜನ ಅಗಲ | ಕೊಂಡಿಗಳು |
|---|---|---|---|
| ಉಂಗುರ | n/2 | 2 | n |
| ಜಾಲರಿ | 2(√n−1) | √n | 2(n−√n) |
| ಹೈಪರ್‌ಕ್ಯೂಬ್ | log₂n | n/2 | (n/2)log₂n |

ಹೈಪರ್‌ಕ್ಯೂಬ್‌ನ ತೊಡಕು ಬೆಳವಣಿಗೆಯಲ್ಲಿದೆ. ನೋಡ್‌ಗಳು ಇಮ್ಮಡಿಯಾದಾಗಲೆಲ್ಲ ಪ್ರತಿ ನೋಡ್‌ಗೂ ಇನ್ನೊಂದು ಕೊಂಡಿ ಸೇರಿಸಬೇಕು. ಜಾಲರಿಯಲ್ಲಿ ಎಷ್ಟೇ ಬೆಳೆದರೂ ನೋಡ್‌ಗೆ 4 ಕೊಂಡಿಗಳೇ ಸಾಕು, ಚಪ್ಪಟೆ ಚಿಪ್‌ನ ಮೇಲೆ ಅವು ಗಿಡ್ಡವಾಗಿಯೂ ಇರುತ್ತವೆ. ಹಲವು ಕೋರ್‌ಗಳ ಚಿಪ್‌ಗಳಲ್ಲಿ ಜಾಲರಿಯೇ ಹೆಚ್ಚು ಬಳಕೆಯಲ್ಲಿರಲು ಇದೇ ಕಾರಣ.